ಲಿಂಕ್ ತೆರೆದಾಗ ಕಾಣುವ ಹೆಸರು

ನನಗೆ ಎರಡು ಹೆಸರು. ಎರಡನ್ನೂ ಇಲ್ಲಿ ಬರೆಯುವುದಿಲ್ಲ, ಬರೆದದ್ದರಿಂದ ಆದ ಗೋಳೇ ನನಗೆ ಸಾಕಾಗಿದೆ. ಒಂದು ಅಪ್ಪ ಅವ್ವ ಇಟ್ಟದ್ದು, ಇನ್ನೊಂದು ಮದುವೆಯ ದಿನ ಅತ್ತೆ ಇಟ್ಟದ್ದು. ನಮ್ಮ ಕಡೆ ಕೆಲವು ಮನೆಗಳಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ ಈಗಲೂ ಇದೆ. ತಾಟಿನಲ್ಲಿ ಅಕ್ಕಿ ಹರವಿ, ಮದುಮಗನ ಕೈಗೆ ಉಂಗುರ ಕೊಟ್ಟು, ಆ ಅಕ್ಕಿಯಲ್ಲಿ ಹೊಸ ಹೆಸರು ಬರೆಸುತ್ತಾರೆ. ನನ್ನ ಗಂಡ ಬರೆದರು. ಸಾಲಿ ಮಾಸ್ತರ ಕೈಬರಹ ಇಷ್ಟು ಸೊಟ್ಟಗೆ ಇರುತ್ತದೆಯೇ ಎಂದು ನಾನು ತಲೆ ತಗ್ಗಿಸಿಕೊಂಡೇ ನಕ್ಕಿದ್ದೆ. ಆಮೇಲೆ ಯಾರೋ ಆ ಅಕ್ಕಿಯನ್ನು ಒಟ್ಟು ಮಾಡಿ ಒಳಗೆ ಒಯ್ದರು. ತವರಿನ ಹೆಸರು ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ತಿಳಿದರು, ನಾನೂ ತಿಳಿದೆ.

ಆ ಹೊಸ ಹೆಸರು ಎಲ್ಲಿಂದ ಬಂತು ಎಂದು ನನಗೆ ಹೇಳಿದವರು ಪಕ್ಕದ ಮನೆಯವರು, ಮದುವೆಯಾಗಿ ಕೆಲವು ತಿಂಗಳಾದ ಮೇಲೆ. ಅತ್ತೆಗೆ ಒಬ್ಬಳು ಮಗಳಿದ್ದಳಂತೆ, ನನ್ನ ಗಂಡನಿಗಿಂತ ದೊಡ್ಡವಳು. ಸಾಲಿಗೆ ಹೋಗುವ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಳಂತೆ. ಅವಳ ಹೆಸರನ್ನೇ ಅತ್ತೆ ನನಗೆ ಇಟ್ಟಿದ್ದರು. ಕೇಳಿದ ದಿನ ನನಗೆ ಸಿಟ್ಟು ಬಂದಿತ್ತು, ಸತ್ತವಳ ಹೆಸರನ್ನು ನನ್ನನ್ನು ಕೇಳದೆ ನನ್ನ ಮೈಮೇಲೆ ಹೊದಿಸಿದರಲ್ಲ ಎಂದು. ಆದರೆ ಅತ್ತೆ ಆ ಹೆಸರು ಹಿಡಿದು ಕರೆಯುವ ರೀತಿ ನೋಡಿದ ಮೇಲೆ ಸಿಟ್ಟು ಉಳಿಯಲಿಲ್ಲ. ದಿನಕ್ಕೆ ಎಷ್ಟು ಸಲ ಕರೆಯುತ್ತಿದ್ದರೋ! ಕೆಲಸವಿದ್ದರೂ ಕರೆಯುತ್ತಿದ್ದರು, ಇಲ್ಲದಿದ್ದರೂ ಕರೆಯುತ್ತಿದ್ದರು. 'ಏನ್ರಿ ಅತ್ತಿ' ಎಂದು ಹೋದರೆ 'ಏನಿಲ್ಲವಾ, ಎಲ್ಲಿದ್ದಿ ಅಂತ' ಅನ್ನುವರು. ತಮ್ಮ ಮಗಳ ಮಾತನ್ನು ಮಾತ್ರ ನನ್ನ ಮುಂದೆ ಒಮ್ಮೆಯೂ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಕೇಕಿನ ಕೆಲಸ ಸುರುವಾದದ್ದು ನನ್ನ ಮಗನ ಹುಟ್ಟುಹಬ್ಬದಿಂದ. ನಮ್ಮೂರು ಸಿಂದಗಿಯ ಬೇಕರಿಯಿಂದ ತಂದ ಕೇಕಿನ ಮೇಲಿನ ಕ್ರೀಮ್ ಬಾಯಿಗೆ ಡಾಲ್ಡಾ ಅಂಟಿದ ಹಾಗೆ ಅಂಟಿತು. ನನಗೆ ಸಿಟ್ಟು ಬಂತು. ನನ್ನ ಎಲ್ಲ ಒಳ್ಳೆಯ ಕೆಲಸಗಳೂ ಸಿಟ್ಟಿನಿಂದಲೇ ಸುರುವಾಗಿವೆ. ಒಂದು ಸಣ್ಣ ಓವನ್ ಕೊಂಡೆ, ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ, ಮನೆಯವರಿಗೆಲ್ಲ ಹೊಟ್ಟೆ ಕೆಡುವಷ್ಟು ಕೇಕ್ ತಿನ್ನಿಸಿದೆ. ಮೊಟ್ಟೆ ಇಲ್ಲದ್ದು ಮಾಡದಿದ್ದರೆ ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ, ಹಾಗಾಗಿ ಮೊಸರು ಹಾಕಿ ಮಾಡುವುದನ್ನು ಹದಕ್ಕೆ ತಂದೆ. ಇಂಡಿ ತಾಲ್ಲೂಕಿನ ಲಿಂಬೆಹಣ್ಣಿನ ಸಿಪ್ಪೆ ತುರಿದು ಹಾಕಿ ಮಾಡುವ ಕೇಕ್ ನನ್ನ ಕೈಗೆ ಹತ್ತಿತು. ಅದರ ಹಿಂದೆ ನಾನ್‌ಖಟಾಯಿ ಬಂತು, ಜೋಳದ ಹಿಟ್ಟಿನ ಬಿಸ್ಕಿಟ್ ಬಂತು. ಇವು ಎರಡು ಮೂರು ದಿನ ಕೆಡುವುದಿಲ್ಲ, ಬಸ್ಸಿನಲ್ಲಿ ಹಾಕಿ ಕಳಿಸಿದರೂ ಮುರಿಯುವುದಿಲ್ಲ. ಹೀಗಾಗಿ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೂ ಕೇಳತೊಡಗಿದರು.

ಡಬ್ಬಿಗೆ ಒಂದು ಹೆಸರು ಬೇಕಲ್ಲ. ಗಂಡ ಏನೇನೋ ಇಂಗ್ಲಿಷ್ ಹೆಸರು ಹೇಳಿದರು. ಅತ್ತೆ ಸುಮ್ಮನೆ ಕೂತಿದ್ದವರು, 'ಅಕಿ ಹೆಸರ ಛಲೋ ಐತೆಲ್ಲ, ಅದನ್ನ ಹಾಕ್ರಿ' ಅಂದರು. ಅದನ್ನೇ ಹಾಕಿದೆವು. ಕೆಂಪು ಸ್ಟಿಕರ್, ಬಿಳಿ ಅಕ್ಷರ, ಅತ್ತೆ ಇಟ್ಟ ಹೆಸರು, ಮುಂದೆ 'ಅಕ್ಕನ ಕೇಕ್' ಎಂದು, ಕೆಳಗೆ ನನ್ನ ಫೋನ್ ನಂಬರು. ಸ್ಟಿಕರ್ ಹಚ್ಚುವ ಕೆಲಸ ಅತ್ತೆ ತಾವೇ ತೆಗೆದುಕೊಂಡರು. ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಒಂದೊಂದು ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು, ಸ್ಟಿಕರ್ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿ, ಆ ಹೆಸರನ್ನು ಬಾಯಲ್ಲಿ ಒಂದು ಸಲ ಅಂದು ಪಕ್ಕಕ್ಕೆ ಇಡುವರು. ಓದು ಅಷ್ಟಕ್ಕಷ್ಟೇ, ಆದರೆ ಆ ಒಂದು ಹೆಸರಿನ ಅಕ್ಷರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ದುಡ್ಡಿನ ಮಾತು. ಊರವರು ಕೈಯಲ್ಲೇ ಕೊಡುವರು, ಇಲ್ಲವೇ ಬಾಗಿಲ ಹತ್ತಿರ ಅಂಟಿಸಿದ ಕ್ಯೂಆರ್ ಕೋಡಿಗೆ ಹಾಕುವರು. ಹೊರಗಿನವರಿಗೆ ಲಿಂಕ್ ಕಳಿಸುತ್ತಿದ್ದೆ. ಅಂಗಡಿಯವರಿಗೆಂದೇ ಇರುವ ಆ್ಯಪ್‌ನಲ್ಲಿ ಎಷ್ಟು ರೂಪಾಯಿ, ಯಾವುದಕ್ಕೆ ಎಂದು ಬರೆದರೆ ಅದೊಂದು ಲಿಂಕ್ ಮಾಡಿಕೊಡುತ್ತದೆ. ಅದನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರೆ ಆಯಿತು. ಗಿರಾಕಿ ಲಿಂಕ್ ಒತ್ತಿದಾಗ ಒಂದು ಪುಟ ತೆರೆಯುತ್ತದೆ, ಅಲ್ಲಿ ದುಡ್ಡು ಯಾರಿಗೆ ಹೋಗುತ್ತದೆ, ಎಷ್ಟು ಎಂದು ಕಾಣುತ್ತದೆ, ಸರಿ ಅನಿಸಿದರೆ ತಮ್ಮ ಯುಪಿಐ ಪಿನ್ ಹಾಕಿ ಕಳಿಸುತ್ತಾರೆ. ದುಡ್ಡು ಬಂದ ಮೇಲೆ ನಾನು ಹಿಟ್ಟು ಕಲಸುತ್ತೇನೆ. ಬೇರೆ ಊರಿನವರ ಆರ್ಡರು ಮಾಡಿಟ್ಟು ಅವರು ಬೇಡ ಅಂದರೆ ಆ ಡಬ್ಬಿ ನಾವೇ ತಿನ್ನಬೇಕು. ನಮ್ಮ ಮನೆಯಲ್ಲಿ ನಾನ್‌ಖಟಾಯಿ ಕಂಡರೆ ಓಡುವಷ್ಟು ತಿಂದಾಗಿತ್ತು.

ಸುರುವಿನಲ್ಲಿ ನಾನು ಕಳಿಸುತ್ತಿದ್ದ ಮೆಸೇಜು ನೆನೆದರೆ ಈಗ ನಗು ಬರುತ್ತದೆ. ಶರಣು ಶರಣಾರ್ಥಿಯಿಂದ ಸುರು. ಮನೆಮಂದಿಯೆಲ್ಲ ಆರಾಮಿದ್ದೀರಾ, ಮಳೆ ಹೇಗಿದೆ, ನಿಮ್ಮ ಆಶೀರ್ವಾದದಿಂದ ನಮ್ಮ ಕೆಲಸ ನಡೆದಿದೆ, ಕೈ ಮುಗಿಯುವ ಚಿತ್ರ, ಹೂವಿನ ಚಿತ್ರ, ಮತ್ತೆ ಕೈ ಮುಗಿಯುವ ಚಿತ್ರ. ದುಡ್ಡು ಕೇಳುವುದಕ್ಕೆ ನನಗೆ ನಾಚಿಕೆ, ಆ ನಾಚಿಕೆ ಮುಚ್ಚಲು ಅಷ್ಟೆಲ್ಲ. ಮೆಸೇಜು ಉದ್ದವಾದರೆ ವಾಟ್ಸ್ಯಾಪ್ ಅರ್ಧ ತೋರಿಸಿ 'ಇನ್ನಷ್ಟು ಓದಿ' ಎಂದು ಉಳಿದದ್ದನ್ನು ಮಡಚಿಡುತ್ತದೆ. ನನ್ನ ಲಿಂಕ್ ಯಾವಾಗಲೂ ಆ ಮಡಿಕೆಯ ಒಳಗೇ. ಗಿರಾಕಿಗಳು ತಿರುಗಿ ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುವರು. ಒಬ್ಬರಂತೂ 'ನಿಮಗೂ ಶುಭವಾಗಲಿ' ಎಂದು ಬರೆದಿದ್ದರು. ಆಮೇಲೆ ಮೆಸೇಜನ್ನು ಕತ್ತರಿಸಿ ಕತ್ತರಿಸಿ 'ಈ ಲಿಂಕಿಗೆ ಹಾಕಿರಿ' ಎಂಬ ಒಂದು ಸಾಲಿಗೆ ತಂದಿದ್ದೆ. ಒಂದಷ್ಟು ಕಾಲ ಅದೇ ನಡೆಯಿತು. ಆಗ ಆ ಪುಟದಲ್ಲಿ ನಾನೇ ಹಾಕಿಕೊಂಡ ಹೆಸರು, ಸ್ಟಿಕರ್ ಮೇಲಿನ ಹೆಸರು, ಕಾಣುತ್ತಿತ್ತು.

ಆಮೇಲೆ ನಿಯಮ ಬದಲಾಯಿತು. ಬೇರೆ ಹೆಸರು ತೋರಿಸಿ ಮೋಸ ಮಾಡುವವರು ಹೆಚ್ಚಾದರೆಂದು, ಬ್ಯಾಂಕಿನ ಖಾತೆಯಲ್ಲಿ ಯಾವ ಹೆಸರು ಇದೆಯೋ ಅದನ್ನೇ ತೋರಿಸಬೇಕು ಎಂದಾಯಿತು. ಒಳ್ಳೆಯ ನಿಯಮವೇ. ನನಗೆ ಅದು ಗೊತ್ತೇ ಆಗಲಿಲ್ಲ, ಏಕೆಂದರೆ ನನ್ನ ಫೋನಿನಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ದುಡ್ಡು ಕೊಡುವವರ ಫೋನಿನಲ್ಲಿ. ನನ್ನ ಖಾತೆ ಕಾಲೇಜಿಗೆ ಹೋಗುವಾಗ ಅಪ್ಪ ತೆಗೆಸಿದ್ದು. ಅದರಲ್ಲಿ, ಆಧಾರಿನಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ತವರಿನ ಹೆಸರೇ ಇತ್ತು. ಅಕ್ಕಿಯಲ್ಲಿ ಬರೆದ ಹೆಸರಿಗೆ ಯಾವ ಕಾಗದವೂ ಇರಲಿಲ್ಲ.

ಮುದ್ದೇಬಿಹಾಳದಲ್ಲಿ ನಮಗೆ ಒಬ್ಬರು ಕಾಯಂ ಗಿರಾಕಿ. ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು, ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತದೆ. ನಾಲ್ಕೂ ತಾಲ್ಲೂಕಿನ ಹೆಣ್ಣುಮಕ್ಕಳಿರುವ ಒಂದು ವಾಟ್ಸ್ಯಾಪ್ ಗುಂಪು ಅವರ ಕೈಯಲ್ಲಿತ್ತು, ನನ್ನ ಹೊರಗಿನ ಗಿರಾಕಿಗಳಲ್ಲಿ ಹೆಚ್ಚಿನವರು ಆ ಗುಂಪಿನಿಂದಲೇ ಬಂದವರು. ಅಕ್ಕೋರು ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂದವರಿಗೆಲ್ಲ ಕೊಡಲು ಲಿಂಬೆ ಕೇಕು, ನಾನ್‌ಖಟಾಯಿ ಡಬ್ಬಿಗಳನ್ನು ಹೇಳಿದ್ದರು. ಅಷ್ಟು ದೊಡ್ಡ ಆರ್ಡರು ನನಗೆ ಅದೇ ಮೊದಲು. ದೊಡ್ಡ ಓವನ್ ಕೊಳ್ಳಬಹುದು ಎಂದು ಗಂಡನೊಂದಿಗೆ ಮಾತಾಡಿಯೂ ಆಗಿತ್ತು. ಲಿಂಕ್ ಕಳಿಸಿದೆ. ಅರ್ಧ ದಿನವಾದರೂ ಉತ್ತರ ಬರಲಿಲ್ಲ. ಇರಲಿ, ಬಸರಿ ಮಗಳ ಮನೆ, ಗದ್ದಲ ಇರುತ್ತದೆ ಎಂದುಕೊಂಡೆ.

ಉತ್ತರ ಬಂದದ್ದು ಬೇರೆ ಕಡೆಯಿಂದ. ಬಾಗೇವಾಡಿಯ ನನ್ನ ಅಕ್ಕನ ಮಗಳು ಫೋನ್ ಮಾಡಿ, 'ಚಿಗವ್ವ, ನಿನ್ನ ನಂಬರ್ ಹ್ಯಾಕ್ ಆಗೈತೇನ?' ಅಂದಳು. ಅಕ್ಕೋರು ತಮ್ಮ ಗುಂಪಿನಲ್ಲಿ ಹಾಕಿದ ಮೆಸೇಜನ್ನು ಅವಳು ಓದಿ ಹೇಳಿದ್ದು ಹೀಗಿತ್ತು: 'ಸಿಂದಗಿ ಕೇಕಿನ ಅಕ್ಕನ ನಂಬರಿನಿಂದ ಲಿಂಕ್ ಬರುತ್ತಿದೆ. ತೆರೆದರೆ ಬೇರೆ ಯಾರದೋ ಹೆಸರು ಕಾಣುತ್ತದೆ. ಯಾರೂ ದುಡ್ಡು ಹಾಕಬೇಡಿರಿ. ಆ ನಂಬರಿನಿಂದ ಫೋನ್ ಬಂದರೂ ಎತ್ತಬೇಡಿರಿ. ಎಲ್ಲರಿಗೂ ತಿಳಿಸಿರಿ.'

ಎಲ್ಲರಿಗೂ ತಿಳಿಸಿದರು. ನಮ್ಮ ಜನ ಮದುವೆಯ ಕರೆಯೋಲೆ ಕೊಡಲು ಮರೆತಾರು, ಇಂಥದ್ದನ್ನು ಮುಂದೆ ಕಳಿಸಲು ಮರೆಯುವುದಿಲ್ಲ. ನಾನು ಆ ಗುಂಪಿನಲ್ಲಿ ಇರಲಿಲ್ಲ. ಗಿರಾಕಿಗಳಿಗೆ ಒಬ್ಬೊಬ್ಬರಿಗೂ 'ಅದು ನಾನೇ, ನನ್ನ ನಂಬರಿಗೆ ಏನೂ ಆಗಿಲ್ಲ' ಎಂದು ಬರೆದೆ. ಕಳ್ಳ ಆದರೂ ಹಾಗೆಯೇ ಬರೆಯುತ್ತಾನಲ್ಲವೇ? ಕೆಲವರು ನನ್ನನ್ನು ಬ್ಲಾಕ್ ಮಾಡಿದರು. ಗಂಡನ ಫೋನಿನಿಂದ ಇಂಡಿಯ ಒಬ್ಬರಿಗೆ ಮಾಡಿದೆ. ನನ್ನ ಧ್ವನಿ ಕೇಳಿ ಅವರು, 'ಈಗ ಧ್ವನಿನೂ ಮಾಡ್ತಾರಂತ್ರಿ ಕಂಪ್ಯೂಟರ್‌ನ್ಯಾಗ' ಎಂದು ಇಟ್ಟರು. ನಾನು ನಾನೇ ಎಂದು ತೋರಿಸಲು ನನ್ನ ಹತ್ತಿರ ಇದ್ದದ್ದೆಲ್ಲ ಆ ಫೋನಿನಲ್ಲೇ ಇತ್ತು, ಅದನ್ನೇ ಯಾರೂ ನಂಬುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಸಿಟ್ಟು ಮಾಡಲೂ ಯಾರೂ ಸಿಗಲಿಲ್ಲ ನನಗೆ, ಅಕ್ಕೋರು ಮಾಡಿದ್ದು ತಪ್ಪಲ್ಲ ಎಂಬುದು ಗೊತ್ತಿತ್ತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮರುದಿನ ಒಂದು ಡಬ್ಬಿ ನಾನ್‌ಖಟಾಯಿ ಹಿಡಿದುಕೊಂಡು, ಬಸ್ ಬದಲಿಸಿ ಮುದ್ದೇಬಿಹಾಳಕ್ಕೆ ಹೋದೆ. ಅಕ್ಕೋರು ಬಾಗಿಲು ತೆರೆದು ಮುಖ ನೋಡಿದರು, ಡಬ್ಬಿ ನೋಡಿದರು, ಮತ್ತೆ ಮುಖ ನೋಡಿದರು.

'ಯವ್ವಾ, ನೀನ ಬಂದಿ? ಒಳಗ ಬಾ, ಒಳಗ ಬಾ. ನಿನ್ನ ಫೋನ್ ಯಾರೋ ತಗೊಂಡಾರಲ್ಲ!'

'ಯಾರೂ ತಗೊಂಡಿಲ್ರಿ ಅಕ್ಕೋರ. ಲಿಂಕ್ ನಾನ ಕಳಿಸೇನ್ರಿ.'

'ಹಂಗಾದ್ರ ಇದು ಯಾರ ಹೆಸರು?' ಎಂದು ಫೋನ್ ಮುಂದೆ ಹಿಡಿದರು.

ಎಷ್ಟೋ ವರ್ಷಗಳ ನಂತರ ಆ ಹೆಸರನ್ನು ಇನ್ನೊಬ್ಬರ ಕೈಯಲ್ಲಿ ಅಚ್ಚಿನ ಅಕ್ಷರದಲ್ಲಿ ನೋಡಿದೆ. ಮುಂದೆ ಅಪ್ಪನ ಹೆಸರು, ಕೊನೆಗೆ ತವರಿನ ಅಡ್ಡಹೆಸರು. 'ಅದು ನಂದ ಹೆಸರ್ರಿ' ಎಂದೆ. ಯಾಕೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಧ್ವನಿ ಬಂತು.

ಮದುವೆಯಲ್ಲಿ ಹೆಸರು ಬದಲಾದದ್ದನ್ನು ಅಕ್ಕೋರಿಗೆ ಹೇಳಿದೆ. ಅವರು ಚಹಾ ಕೊಟ್ಟರು, ತಮ್ಮ ಗುಂಪಿನಲ್ಲಿ ನನ್ನ ಎದುರಿಗೇ 'ಲಿಂಕ್ ಅವರದ್ದೇ, ನನ್ನ ತಿಳಿವಳಿಕೆ ತಪ್ಪಿತ್ತು' ಎಂದು ಹಾಕಿದರು. 'ಇದು ನನ್ನ ಗುಂಪಿನಾಗ ಅಷ್ಟ ಹೋಗತೈತಿ ತಂಗಿ. ಮೊದಲಿಂದು ಎಲ್ಲೆಲ್ಲಿ ಹೋಗೇತಿ ನನಗ ಗೊತ್ತಿಲ್ಲ. ಅದನ್ನ ಹಿಂದ ತರಾಕ ನನ್ನ ಕೈಯಾಗ ಆಗೂದಿಲ್ಲ' ಅಂದರು. ಕುಬಸದ ಡಬ್ಬಿಗಳನ್ನು ಅಷ್ಟರಲ್ಲಿ ಬೇರೆಯವರಿಗೆ ಹೇಳಿಬಿಟ್ಟಿದ್ದರು. ಅದನ್ನು ಹೇಳುವಾಗ ಅವರಿಗೂ ಕೆಡುಕೆನಿಸಿತು. ನಾನು 'ಇರಲಿ ಬಿಡ್ರಿ' ಅಂದೆ, ಒಳಗೆ ಮಾತ್ರ ದೊಡ್ಡ ಓವನ್ ಕಣ್ಣ ಮುಂದೆ ಬಂದು ಹೋಯಿತು.

ಹೊರಡುವಾಗ ಅವರೇ ಹೇಳಿದರು. 'ಮೆಸೇಜಿನ್ಯಾಗ ಹೆಸರು ಹಾಕು. ಲಿಂಕ್ ತೆರದ್ರ ಏನ ಕಾಣತೈತಿ ಅದನ್ನ ಮೊದಲ ಹೇಳು. ಏನಕ್ಕ, ಎಷ್ಟು, ಯಾರ ಹೆಸರು. ಹೇಳಿದ್ದು ಕಂಡದ್ದು ಎರಡೂ ಒಂದ ಇದ್ರ ಮಂದಿ ನಂಬತಾರ. ಉದ್ದ ಬರೀಬ್ಯಾಡ.'

ಸಿಂದಗಿಗೆ ಬರುವ ದಾರಿಯುದ್ದಕ್ಕೂ ನಾನು, ತವರಿನ ಹೆಸರು ಅತ್ತೆಯ ಕಿವಿಗೆ ಬೀಳದಂತೆ, ಬೇರೆ ದಾರಿ ಹುಡುಕಿದೆ. ಬ್ಯಾಂಕಿನಲ್ಲೇ ಹೆಸರು ಬದಲಿಸಿದರೆ? ಹೋಗಿ ಕೇಳಿದೆ. ಅಲ್ಲಿ ಕೂತವರು, 'ಮೊದಲ ಆಧಾರದಾಗ ಬದಲ್ ಮಾಡಿಸಿಕೊಂಡ ಬರ್ರಿ' ಅಂದರು. ಆಧಾರದವರು ಪೂರಾ ಹೆಸರೇ ಬೇರೆಯಾಗುವುದಾದರೆ ರಾಜ್ಯಪತ್ರದಲ್ಲಿ ಪ್ರಕಟಣೆ ಬೇಕು ಅಂದರು. ಗಂಡ ಅರ್ಜಿಯ ವಿಚಾರಕ್ಕೆ ಬಿದ್ದರು, ಮಾಸ್ತರಿಗೆ ಅರ್ಜಿ ಎಂದರೆ ಹುರುಪು. ನನಗೆ ಮಾತ್ರ ಕಾಲು ಏಳಲಿಲ್ಲ. ನಿಜ ಹೇಳುತ್ತೇನೆ, ತವರಿನ ಹೆಸರು ಕಾಗದದಲ್ಲಾದರೂ ಉಳಿದಿದೆ ಎಂಬುದು ನನಗೆ ಒಂದು ಸಮಾಧಾನವಾಗಿತ್ತು. ಅಪ್ಪ ಅವ್ವ ಇಬ್ಬರೂ ಹೋಗಿದ್ದಾರೆ. ಇಂಡಿ ಕಡೆಯ ನನ್ನ ತವರಿನ ಹಳ್ಳಿಯಲ್ಲಿ ಹಾಗೆ ಕರೆಯುವವರು ಈಗ ಯಾರೂ ಇಲ್ಲ. ನಾನೇ ಕೈಯಾರೆ ಅದನ್ನು ಅಳಿಸುವುದೇ?

'ಹಂಗಾದ್ರ ನನ್ನ ಖಾತೆಗೆ ಹಾಕಸು' ಅಂದರು ಗಂಡ. ಮರುಕ್ಷಣವೇ ಅವರೇ, 'ಬ್ಯಾಡ ಬ್ಯಾಡ, ಸರ್ಕಾರಿ ನೌಕರಿ, ನಾಳೆ ಯಾರರ ಕೇಳಿದ್ರ' ಎಂದು ಹಿಂದೆ ಸರಿದರು. ಗಂಡಸಿನ ಹೆಸರು ಕಂಡರೆ ಗಿರಾಕಿಗಳು ಇನ್ನಷ್ಟು ಹೆದರುತ್ತಾರೆ ಎಂದು ನಾನೂ ಬಿಟ್ಟೆ.

ಕಡೆಗೆ ಹೊಸ ಮೆಸೇಜು ಬರೆಯಲು ಕೂತೆ. ಮೊದಲು ಕಳ್ಳತನ ಮಾಡಿದೆ, ಅಂದರೆ ಪೂರಾ ಹೇಳದೆ ಪಾರಾಗಲು ನೋಡಿದೆ. 'ಲಿಂಕಿನಲ್ಲಿ ಕಾಣುವುದು ನಮ್ಮ ಖಾತೆಯ ಹೆಸರು' ಎಂದು ಬರೆದು ಇಂಡಿಯ ಇಬ್ಬರಿಗೆ ಕಳಿಸಿದೆ. ಒಬ್ಬರು 'ಖಾತೆ ಯಾರದ್ದು?' ಎಂದು ಕೇಳಿದರು. ಇನ್ನೊಬ್ಬರು 'ಅವರಿಗೂ ನಿಮಗೂ ಏನಾಗಬೇಕು?' ಎಂದು ಕೇಳಿದರು. ಏನಾಗಬೇಕು! ಉತ್ತರ ಕೊಡುವಷ್ಟರಲ್ಲಿ ಇಬ್ಬರೂ ಬೇಡ ಅಂದರು. ಅಕ್ಕೋರು ಹೇಳಿದ್ದು ಸರಿ ಇತ್ತು. ಸುತ್ತು ಬಳಸಿ ಹೇಳಿದರೆ ಸಂಶಯ ಇನ್ನಷ್ಟು ಬೆಳೆಯುತ್ತದೆ.

ಆಮೇಲೆ ಬರೆದದ್ದು ಈಗಲೂ ನಾನು ಕಳಿಸುವ ಮೆಸೇಜು. ಹೆಸರಿನ ಜಾಗ ಮಾತ್ರ ಇಲ್ಲಿ ಖಾಲಿ ಬಿಟ್ಟಿದ್ದೇನೆ.

'ನಿಮ್ಮ ಆರ್ಡರ್: ಲಿಂಬೆ ಕೇಕ್, ಅರ್ಧ ಕಿಲೋ, ಶನಿವಾರಕ್ಕೆ. ಮೊತ್ತ ಕೆಳಗಿನ ಲಿಂಕಿನಲ್ಲಿದೆ, ನಾವು ಫೋನಿನಲ್ಲಿ ಮಾತಾಡಿದಷ್ಟೇ. ಲಿಂಕ್ ತೆರೆದಾಗ ……… ಎಂಬ ಹೆಸರು ಕಾಣುತ್ತದೆ. ಅದು ನಾನೇ. ಹೆಸರು, ಮೊತ್ತ ಎರಡೂ ಸರಿ ಇದ್ದರೆ ಮಾತ್ರ ಹಾಕಿರಿ. ಸಂಶಯ ಬಂದರೆ ಹಾಕಬೇಡಿರಿ, ಹಳೆಯ ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿರಿ. ಒಟಿಪಿ ನಾವು ಕೇಳುವುದಿಲ್ಲ.'

ಹಳೆಯ ಡಬ್ಬಿಯ ಮಾತು ನನ್ನದೇ ಉಪಾಯ. ಮೆಸೇಜಿನಲ್ಲೇ ಒಂದು ನಂಬರು ಕೊಟ್ಟು ಅದಕ್ಕೇ ಫೋನ್ ಮಾಡಿ ಅಂದರೆ ಕಳ್ಳನೂ ಹಾಗೇ ಅನ್ನಬಲ್ಲ. ಡಬ್ಬಿ ಅವರ ಮನೆಯಲ್ಲೇ ಇರುತ್ತದೆ. ನಮ್ಮ ಹೆಣ್ಣುಮಕ್ಕಳು ಒಳ್ಳೆಯ ಡಬ್ಬಿ ಒಗೆಯುವುದಿಲ್ಲ, ಅದರಲ್ಲಿ ಸಾಸಿವೆ ಜೀರಿಗೆ ತುಂಬಿಸಿಟ್ಟಿರುತ್ತಾರೆ.

ಬರೆದು ಮುಗಿಸಿ, ಸರಿಯಿದೆಯೇ ಎಂದು ಗಂಡನಿಗೆ ಓದಿ ಹೇಳುತ್ತಿದ್ದೆ. ಪಡಸಾಲೆಯಲ್ಲಿ ಸ್ಟಿಕರ್ ಹಚ್ಚುತ್ತಿದ್ದ ಅತ್ತೆಗೆ ಕೇಳುತ್ತದೆ ಎಂಬ ಎಚ್ಚರ ನನಗಿರಲಿಲ್ಲ ಎಂದರೆ ಸುಳ್ಳು. ಇತ್ತು. ಆದರೆ ಎಷ್ಟು ದಿನ ಮುಚ್ಚಿಡಲಿ? ನಾಳೆ ನೆರೆಮನೆಯವರು ಹೇಳಿದರೆ ಇನ್ನೂ ಕೆಟ್ಟದ್ದು.

'ಇನ್ನೊಮ್ಮೆ ಓದವಾ' ಅಂದರು ಅತ್ತೆ.

ಓದಿದೆ. ತವರಿನ ಹೆಸರನ್ನೂ ಬಿಡದೆ ಓದಿದೆ. ಈ ಮನೆಯೊಳಗೆ ಆ ಹೆಸರನ್ನು ನಾನು ಗಟ್ಟಿಯಾಗಿ ಅಂದದ್ದು ಆ ದಿನವೇ ಮೊದಲು.

'ಅದು ನಾನ ಅಂತ ಬರದಿ' ಅಂದರು.

'ಹೌದ್ರಿ ಅತ್ತಿ. ಹಂಗ ಬರೀಲಿಲ್ಲಂದ್ರ ಯಾರೂ ನಂಬೂದಿಲ್ರಿ.'

ಅವರು ತೊಡೆಯ ಮೇಲಿನ ಡಬ್ಬಿಯನ್ನು ನೋಡಿದರು. ಸ್ಟಿಕರ್ ಅರ್ಧ ಹಚ್ಚಿದ್ದರು. ಅದರ ಮೇಲೆ ಬೆರಳಿಟ್ಟು ಕೇಳಿದರು, 'ಹಂಗಾದ್ರ ಇಕಿ ಯಾರು?'

ಸಿಟ್ಟಿನಿಂದ ಕೇಳಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ, ಅದು ನನಗೆ ಬರುತ್ತದೆ. ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. 'ಎರಡೂ ನಾನ ರಿ' ಎಂದು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ಅಂದುಕೊಂಡಿದ್ದೇನೆ. ಆ ಹೊತ್ತಿಗೆ ಅದೂ ಹೊಳೆಯಲಿಲ್ಲ. ಅತ್ತೆ ಉಳಿದರ್ಧ ಸ್ಟಿಕರ್ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ, ಡಬ್ಬಿಯನ್ನು ಪಕ್ಕಕ್ಕಿಟ್ಟರು. ಹೆಸರನ್ನು ಮಾತ್ರ ಬಾಯಲ್ಲಿ ಅನ್ನಲಿಲ್ಲ.

'ಕಳಸವಾ. ಕೆಲಸ ನಿಲ್ಲಬಾರದು' ಅಂದರು.

ಕಳಿಸಿದೆ. ಕೆಲಸ ನಿಲ್ಲಲಿಲ್ಲ. ಮೊದಲು ಒಬ್ಬರು ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡರು. ಮರುದಿನ ಮತ್ತೊಬ್ಬರು ಮಾಡಿದರು. ಹಾಗೆ ಮಾಡಿದವರು ತಮ್ಮವರಿಗೆ ಹೇಳಿದರು. ಅಕ್ಕೋರ ಮೊದಲ ಎಚ್ಚರಿಕೆ ಇನ್ನೂ ಅಲ್ಲಲ್ಲಿ ತಿರುಗುತ್ತಲೇ ಇತ್ತು, ಮೊನ್ನೆ ಕೂಡ ದೇವಣಗಾಂವದ ಒಬ್ಬರು ನನಗೇ ಅದನ್ನು ಕಳಿಸಿ 'ಹುಷಾರಾಗಿರಿ' ಅಂದರು. ಅದಕ್ಕೆ ನಾನೇನು ಮಾಡಲಿ. ಆದರೂ ಮೊದಲಿನ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಿರುಗಿ ಬಂದರು. ಹೊಸಬರಂತೂ ನನ್ನನ್ನು ಲಿಂಕಿನ ಹೆಸರಿನಿಂದಲೇ ಕರೆಯತೊಡಗಿದರು. ಮೊದಲ ಸಲ ಒಬ್ಬ ಹುಡುಗಿ ಫೋನಿನಲ್ಲಿ ಆ ಹೆಸರು ಹಿಡಿದು 'ಅಕ್ಕಾ' ಅಂದಾಗ ನನಗೆ ಅವ್ವನ ನೆನಪಾಗಿ ಕಣ್ಣಲ್ಲಿ ನೀರು ಬಂತು. ಖುಷಿಯಾಗಿತ್ತು, ಸುಳ್ಳು ಏಕೆ ಹೇಳಲಿ.

ಮನೆಯೊಳಗೆ ಮಾತ್ರ ನನಗೆ ಹೆಸರಿಲ್ಲದಂತಾಯಿತು. ಅತ್ತೆ ಮುನಿಸಿಕೊಳ್ಳಲಿಲ್ಲ. ಮೊದಲಿನ ಹಾಗೆಯೇ ಉಣ್ಣಲು ಬಡಿಸುವರು, ಓವನ್ ಹತ್ತಿರ ಬೆವರಿದರೆ ಸೆರಗಿನಿಂದ ಗಾಳಿ ಹಾಕುವರು, ಡಬ್ಬಿಗೆ ಸ್ಟಿಕರ್ ಹಚ್ಚುವರು. ಕರೆಯಬೇಕಾದಾಗ 'ಯವ್ವಾ' ಅನ್ನುವರು, 'ಬಾ ಇಲ್ಲಿ' ಅನ್ನುವರು, 'ಕೇಳೇತೇನ' ಅನ್ನುವರು. ಕೆಲಸವಿಲ್ಲದೆ ಕರೆಯುವುದು ನಿಂತುಹೋಯಿತು. ಒಂದು ದಿನ ತಡೆಯಲಾರದೆ, 'ಅತ್ತಿ, ಮೊದಲಿನಂಗ ಕರೀರಲ್ಲ' ಎಂದೆ. ಅವರು ಸಾವಕಾಶ ನಕ್ಕು, 'ನಿನಗ ನಿನ್ನ ಹೆಸರ ಐತೆಲ್ಲವಾ' ಅಂದರು. ಕೊಟ್ಟ ಹೆಸರನ್ನು ಕಸಿದುಕೊಂಡಿದ್ದರೆ ಬಿಡದೆ ಹಿಡಿದುಕೊಳ್ಳುತ್ತಿದ್ದೆ. ಅವರು ಸದ್ದಿಲ್ಲದೆ ಒಳಗೆ ಎತ್ತಿಟ್ಟುಕೊಂಡರು. ಗಂಡನಿಗೆ ಹೇಳಿದರೆ, 'ವಯಸ್ಸಾತು, ಬಿಡು' ಅಂದರು. ಬಿಡಲು ನನ್ನ ಕೈಯಲ್ಲಿ ಏನಿತ್ತು?

ಹೋದ ತಿಂಗಳು ಒಂದು ಮಧ್ಯಾಹ್ನ ಬಸವನ ಬಾಗೇವಾಡಿಯಿಂದ ಒಬ್ಬ ಹೆಣ್ಣುಮಗಳು ಸಿಂದಗಿಗೆ ಯಾವುದೋ ಕೆಲಸಕ್ಕೆ ಬಂದವರು, ಡಬ್ಬಿಯನ್ನು ತಾವೇ ಒಯ್ಯುತ್ತೇವೆಂದು ವಿಚಾರಿಸಿಕೊಂಡು ಮನೆಗೆ ಬಂದರು. ನಾನು ಒಳಗೆ ಕೇಕಿಗೆ ಕ್ರೀಮ್ ಹಚ್ಚುತ್ತಿದ್ದೆ, ಎರಡೂ ಕೈ ಕ್ರೀಮಾಗಿತ್ತು. ಅವರು ಬಾಗಿಲಲ್ಲಿ ನಿಂತು, ಲಿಂಕಿನಲ್ಲಿ ಕಂಡ ಹೆಸರು ಹೇಳಿ, 'ಅವರ ಮನಿ ಇದ ಏನ್ರಿ?' ಎಂದು ಕೇಳಿದರು. ಪಡಸಾಲೆಯಲ್ಲಿ ಅತ್ತೆ ಒಬ್ಬರೇ ಇದ್ದರು. ನಾನು ಕ್ರೀಮ್ ಹಚ್ಚುವುದನ್ನು ಬಿಟ್ಟು ಕಿವಿಗೊಟ್ಟೆ.

'ಹೌದ್ರಿ. ಒಳಗ ಬರ್ರಿ, ಕೂಡ್ರಿ' ಅಂದರು ಅತ್ತೆ. 'ನಮ್ಮ ಸೊಸಿರಿ ಅಕಿ.'

ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕರೆದರು. ತವರಿನ ಹೆಸರಿನಿಂದ. ಅವ್ವ ಎಳೆಯುತ್ತಿದ್ದ ಹಾಗೆ ಕೊನೆಯ ಅಕ್ಷರ ಎಳೆದು ಅಲ್ಲ, ಗೊತ್ತಿಲ್ಲದ ಊರಿನ ಹೆಸರು ಓದುವವರ ಹಾಗೆ, ಒಂದೊಂದೇ ಅಕ್ಷರ ಹಿಡಿದು. ಮದುವೆಯಾಗಿ ಬಂದ ದಿನದಿಂದ ಅವರು ಕರೆದಾಗಲೆಲ್ಲ ಇದ್ದಲ್ಲಿಂದಲೇ ಓಗೊಟ್ಟವಳು ನಾನು. ಆ ದಿನ ನನ್ನ ಸ್ವಂತ ಹೆಸರಿಗೆ 'ಬಂದೇರಿ ಅತ್ತಿ' ಅನ್ನಲು ಬಾಯಿ ಬರಲಿಲ್ಲ. ಕೈ ತೊಳೆದುಕೊಳ್ಳತೊಡಗಿದೆ. ಅವರು ಇನ್ನೊಮ್ಮೆ ಅದೇ ಹೆಸರು ಹಿಡಿದು ಕರೆದರು. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದೆ.